ಸೀರಿ ಅಂಗಡಿಗೆ ಯೂಟ್ಯೂಬ್ ಚಾನೆಲ್: ಸುತ್ತಮುತ್ತ ಹಳ್ಳಿ ಗಿರಾಕಿ ಅಂಗಡಿ ಮೆಟ್ಟಿಲು ಹತ್ತೋ ಹಂಗ ಮಾಡೋದು ಹೆಂಗ

ನಮ್ದು ಗಂಗಾವತಿಯಾಗ ಬಸ್ ಸ್ಟ್ಯಾಂಡಿಂದ ನಡ್ಕೊಂಡ್ ಬರೋವಷ್ಟು ದೂರದಾಗ ಒಂದ್ ಸಣ್ಣ ಸೀರಿ ಅಂಗಡಿ ಐತ್ರಿ. ಇಲಕಲ್ ಸೀರಿ, ಗುಳೇದಗುಡ್ಡ ಖಣ, ದಿನಾ ಉಡೋ ಕಾಟನ್ ಸೀರಿ, ಇಷ್ಟ ಮಾಲು. ಚಾನೆಲ್ ಶುರು ಮಾಡಿ ಎರಡು ವರ್ಷ ಆತು. ಮೊದಲ ಮೂರ್ ತಿಂಗಳು ನಾವು ವ್ಯೂಸ್ ಹಿಂದ ಓಡಿದ್ವಿ, ಆವಾಗ ಓಡ್ತಿದ್ದ ಒಂದ್ ಸಿನಿಮಾ ಹಾಡು ಹಾಕಿ ಸೀರಿ ತಿರುಗಿಸಿ ತಿರುಗಿಸಿ ತೋರಿಸಿದ ಒಂದ್ ಶಾರ್ಟ್ಸ್ 40 ಸಾವಿರ ವ್ಯೂಸ್ ಹೋತು, ಬೆಂಗಳೂರಿಂದ ಫೋನು, ಸೊಲ್ಲಾಪುರದಿಂದ ಫೋನು, ಕೊರಿಯರ್ ಮಾಡ್ತೀರೇನು, ಹೋಲ್‌ಸೇಲ್ ಕೊಡ್ತೀರೇನು ಅಂತ ಕೇಳಿದ್ದ ಕೇಳಿದ್ದು, ಆದ್ರ ಆ ವಿಡಿಯೋ ನೋಡಿ ಅಂಗಡಿಗೆ ಬಂದವ್ರು ಒಬ್ರೂ ಇಲ್ಲ. ಅದ ವಾರ ನಮ್ಮ ಮನಿಯವ್ರು ಹಾಡು ಗೀಡು ಏನೂ ಇಲ್ದ, ಒಂದ್ ಸೀರಿ ಹಿಡ್ಕೊಂಡು "ಇದು 1,350 ರೂಪಾಯಿ, ಗಂಗಾವತಿ ನಮ್ಮ ಅಂಗಡ್ಯಾಗ ಐತಿ, ಪಂಚಮಿಗೆ ತವರಿಗೆ ಬರೋ ಮಗಳಿಗೆ ಒಯ್ರಿ" ಅಂತ ಹೇಳಿದ ವಿಡಿಯೋ 900 ವ್ಯೂಸ್ ದಾಟಲಿಲ್ಲ, ಆದ್ರ ನಾಕ್ ಮನಿಯವ್ರು ಅದನ್ನ ಫೋನಿನ್ಯಾಗ ತೋರಿಸ್ಕೋತ ಅಂಗಡಿಗೆ ಬಂದ್ರು. ಮರಳಿಯಿಂದ ಒಬ್ರು, ಕಾರಟಗಿಯಿಂದ ಇಬ್ರು, ಹೊಳಿ ಆಚೆ ಕಂಪ್ಲಿಯಿಂದ ಒಬ್ರು.

ಕೆಳಗ ಬರ್ದಿರೋದೆಲ್ಲ ಆ 900 ವ್ಯೂಸಿನ ವಿಡಿಯೋ ಹೆಂಗ ಮಾಡೋದು ಅನ್ನೋದ್ರ ಬಗ್ಗೆ. ದೂರದವ್ರಿಗೆ ಕೊರಿಯರ್ ಮಾಡೋ ಧಂದೆ ಬ್ಯಾರೆ, ಅದಕ್ಕ ಬ್ಯಾರೆ ಲೆಕ್ಕ, ಅದನ್ನ ಇಲ್ಲಿ ಹೇಳಂಗಿಲ್ಲ.

ಮೊದ್ಲು ಅಕೌಂಟ್ ಯಾರ ಹೆಸರಿನ್ಯಾಗ ಅಂತ ನೋಡ್ರಿ

ನಮಗ ಆದ ನಷ್ಟ ನಿಮಗ ಆಗೋದು ಬ್ಯಾಡ. ಮೊದಲ್ನೇ ಚಾನೆಲ್ಲು ಅಂಗಡ್ಯಾಗ ಕೆಲಸ ಮಾಡ್ತಿದ್ದ ಒಬ್ಬ ಹುಡುಗ ತನ್ನ ಸ್ವಂತ ಜಿಮೇಲಿಂದ ಮಾಡಿದ್ದ, ಅವ ಬ್ಯಾರೆ ಊರಿಗೆ ಕೆಲಸಕ್ಕ ಹೋದ, ಫೋನ್ ಕಳ್ಕೊಂಡ, ಪಾಸ್‌ವರ್ಡ್ ನೆನಪಿಲ್ಲ ಅಂದ. ನಾಕ್ನೂರ್ ಚಿಲ್ಲರ ಸಬ್‌ಸ್ಕ್ರೈಬರ್ ಇದ್ದ ಚಾನೆಲ್ ಇವತ್ತಿಗೂ ಹಂಗ ಬಿದ್ದೈತಿ, ಅದರಾಗ ಹಳೇ ರೇಟು, ಹಳೇ ನಂಬರು, ತೆಗೀಲಿಕ್ಕೂ ಆಗಂಗಿಲ್ಲ. ಅದಕ್ಕ ಅಂಗಡಿ ಹೆಸರಿನ್ಯಾಗ ಒಂದ್ ಹೊಸ ಗೂಗಲ್ ಅಕೌಂಟ್ ಮಾಡ್ರಿ, ರಿಕವರಿ ನಂಬರ್ ಮಾಲೀಕರದ್ದ ಇರ್ಲಿ. ವಿಡಿಯೋ ಹಾಕೋ ಕೆಲಸ ತಮ್ಮನೋ ಮಗಳೋ ಹುಡುಗನೋ ಮಾಡ್ತಾರ ಅಂದ್ರ ಅವ್ರಿಗೆ ಪಾಸ್‌ವರ್ಡ್ ಕೊಡಬ್ಯಾಡ್ರಿ, ಯೂಟ್ಯೂಬ್ ಸ್ಟುಡಿಯೋದಾಗ Settings ಒಳಗ Permissions ಅಂತ ಐತಿ, ಅಲ್ಲಿ ಅವ್ರ ಜಿಮೇಲ್ ಹಾಕಿ Editor ಅಂತ ಕೊಟ್ರ ಅವ್ರ ಫೋನಿಂದನ ವಿಡಿಯೋ ಹಾಕಬಹುದು, ಕೆಲಸ ಬಿಟ್ಟ ದಿನ ನೀವು ಹೆಸರು ತೆಗೆದ್ರ ಮುಗೀತು.

ಚಾನೆಲ್ ಹೆಸರಿನ್ಯಾಗ ಊರು ಇರ್ಲೇಬೇಕು. ಬರೇ ಅಂಗಡಿ ಹೆಸರು ಇಟ್ರ ಅದ ಹೆಸರಿನ ಅಂಗಡಿ ಹತ್ತು ಊರಾಗ ಇರ್ತಾವ. ಅಂಗಡಿ ಹೆಸರು, ಅದರ ಮುಂದ ಗಂಗಾವತಿ. ಇದರ ಜೋಡಿ ಗೂಗಲ್ ಮ್ಯಾಪಿನ್ಯಾಗ ಅಂಗಡಿ ಸರಿಯಾದ ಜಾಗದಾಗ ಐತೇನು ಅಂತ ಅವತ್ತ ನೋಡ್ಕೊಳ್ರಿ, ನಮ್ಮ ಪಿನ್ ಹಿಂದಿನ ಓಣ್ಯಾಗ ಬಿದ್ದಿತ್ತು, ವಿಡಿಯೋ ನೋಡಿ ಬಂದವ್ರು ಯಾರ್ದೋ ಮನಿ ಮುಂದ ನಿಂತು ಫೋನ್ ಮಾಡ್ತಿದ್ರು.

ಒಂದ್ ವಿಡಿಯೋದಾಗ ಒಂದ ಸೀರಿ

ಎಲ್ಲಾ ಅಂಗಡಿಯವ್ರೂ ಮಾಡೋದು ಒಂದ ರೀತಿ: ಕಪಾಟಿನ ತುಂಬ ಇರೋ ಸೀರಿ ಮ್ಯಾಲ ಕ್ಯಾಮರಾ ಆಡಿಸಿ "ಎಲ್ಲಾ ವೆರೈಟಿ ಸಿಗ್ತಾವ, ಒಮ್ಮೆ ಭೇಟಿ ಕೊಡ್ರಿ" ಅನ್ನೋದು. ಅದನ್ನ ನೋಡಿ ಯಾರೂ ಬಸ್ ಹತ್ತಂಗಿಲ್ಲ. ಜನ ಬಸ್ ಹತ್ತೋದು ಒಂದ್ ಸೀರಿ ಮನಸಿನ್ಯಾಗ ಕುಂತಾಗ, ಅದರ ರೇಟ್ ಗೊತ್ತಾದಾಗ, ಹೋದ್ರ ಅದ ಸೀರಿ ಸಿಗ್ತೈತಿ ಅಂತ ನಂಬಿಕಿ ಬಂದಾಗ.

ಶಾರ್ಟ್ಸ್ ಈಗ 3 ನಿಮಿಷದ ತನಕ ಹಾಕಬಹುದು, 2024ರ ಅಕ್ಟೋಬರದಾಗ 1 ನಿಮಿಷದಿಂದ ಹೆಚ್ಚು ಮಾಡ್ಯಾರ, ಆದ್ರ ಒಂದ್ ಸೀರಿಗೆ 35ರಿಂದ 45 ಸೆಕೆಂಡ್ ಸಾಕು. ನಾವು ಮಾಡೋ ಕ್ರಮ ಹೇಳ್ತೀನಿ. ಬಾಯಿ ತೆಗೆದ ಕೂಡ್ಲೆ ಊರಿನ ಹೆಸರು, ಸೀರಿ ಹೆಸರು, ರೇಟು, ಈ ಮೂರೂ ಮೊದಲ 5 ಸೆಕೆಂಡಿನ್ಯಾಗ. "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್ಲಿಗೆ ಸ್ವಾಗತ" ಅನ್ನೋದ್ರಾಗ ಜನ ಮ್ಯಾಲಕ್ಕ ಸರಿಸಿ ಬಿಡ್ತಾರ. ಆಮ್ಯಾಗ ಸೀರಿ ಪೂರ್ತಿ ಬಿಚ್ಚಿ ಒಡಲು ತೋರಿಸೋದು, ಆಮ್ಯಾಗ ದಡಿ ಹತ್ರದಿಂದ, ಚಿಕ್ಕಿ ಪರಾಸ ಐತೋ ಗೋಮಿ ಐತೋ ಹೆಸರು ಹಿಡಿದು ಹೇಳೋದು, ನಮ್ಮ ಕಡಿ ಹೆಣ್ಮಕ್ಕಳು ದಡಿ ಹೆಸರು ಹಿಡಿದ ಕೇಳ್ತಾರ. ಕಡೀಗೆ ಸೆರಗು.

ಸೆರಗಿನ ಹತ್ರ ಒಂದ್ 10 ಸೆಕೆಂಡ್ ಹೆಚ್ಚ ನಿಲ್ರಿ, ಯಾಕಂದ್ರ ಕೈಮಗ್ಗದ ಇಲಕಲ್ ಸೀರಿ ಗುರುತು ಅಲ್ಲೇ ಇರ್ತೈತಿ. ಒಡಲಿನ ಹಾಸು ಎಳಿ, ಸೆರಗಿನ ಹಾಸು ಎಳಿ ಬ್ಯಾರೆ ಬ್ಯಾರೆ ಇರ್ತಾವ, ಅವೆರಡನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿರ್ತಾರ. ಆ ಕೂಡಿದ ಜಾಗ ಫೋನ್ ಹತ್ರ ಹಿಡಿದು, ಬೆರಳು ಇಟ್ಟು ತೋರಿಸಿ, "ಇದ ನೋಡ್ರಿ ಕೊಂಡಿ" ಅಂದ್ರ ನೋಡೋರಿಗೆ ತಿಳೀತೈತಿ. ಪವರ್‌ಲೂಮ್ ಸೀರಿ ಮಾರೋದಾದ್ರ ಪವರ್‌ಲೂಮ್ ಅಂತ ಬಾಯಿಬಿಟ್ಟು ಹೇಳ್ರಿ, ಅರಳೆ ಎಳಿಗೆ ಚಮಕಾ ಕೂಡಿದ್ದು ಇದ್ರ ಹಂಗ ಹೇಳ್ರಿ, ಪೂರಾ ರೇಷ್ಮಿ ಅನ್ನಬ್ಯಾಡ್ರಿ. ಹಳ್ಳಿ ಅಜ್ಜಿ ಅಂಗಡಿಗೆ ಬಂದು ಸೀರಿ ಮುಟ್ಟಿದ ಕೂಡ್ಲೆ ಆಕಿಗೆ ಗೊತ್ತಾಗ್ತೈತಿ, ವಿಡಿಯೋದಾಗ ಒಂದು ಹೇಳಿ ಕೈಯಾಗ ಇನ್ನೊಂದು ಕೊಟ್ರ ಆಕಿ ಅಷ್ಟ ಅಲ್ಲ, ಆಕಿ ಓಣಿ ಪೂರಾ ನಿಮ್ಮ ಕೈ ಬಿಡ್ತೈತಿ.

ರೇಟ್ ಬಗ್ಗೆ ಬಾಳ ಮಂದಿ ಅಂಜ್ತಾರ, ಪಕ್ಕದ ಅಂಗಡಿಯವ ನೋಡಿ 50 ರೂಪಾಯಿ ಕಡಿಮಿ ಮಾಡ್ತಾನ ಅಂತ. ಮಾಡ್ಲಿ ಬಿಡ್ರಿ. "ರೇಟ್‌ಗೆ ಮೆಸೇಜ್ ಮಾಡ್ರಿ" ಅಂದ್ರ ಹಳ್ಳಿ ಹೆಣ್ಮಕ್ಕಳು ಗೊತ್ತಿಲ್ದ ನಂಬರಿಗೆ ಮೆಸೇಜ್ ಹಾಕಂಗಿಲ್ಲ, ಇದು ನಾವು ಕಣ್ಣಾರೆ ಕಂಡಿದ್ದು, ಅವ್ರು ಸುಮ್ನ ಮುಂದ ಹೋಗ್ತಾರ.

ಬಣ್ಣ ತಪ್ಪಿದ್ರ ಗಿರಾಕಿ ತಪ್ತಾರ

ಜಗಳ ಹೆಚ್ಚು ಬರೋದು ಇಲ್ಲೇ. ಗಿರಾಕಿ ವಿಡಿಯೋದಾಗ ಕಂಡಿದ್ದು ದಾಳಿಂಬ್ರಿ ಕೆಂಪು, ಅಂಗಡ್ಯಾಗ ನೋಡಿದ್ರ ಕುಂಕುಮ ಕೆಂಪು. ತಪ್ಪು ಫೋನಿಂದು. ಪೂರಾ ಫ್ರೇಮು ಒಂದ ಬಣ್ಣದ್ದು ತುಂಬಿದಾಗ ಫೋನು ತಾನ ಬಣ್ಣ ಸರಿಮಾಡ್ಲಿಕ್ಕೆ ಹೋಗಿ ಕೆಡಿಸ್ತೈತಿ, ಕೆಂಪು ಮತ್ತ ನೀಲಿ ಬಣ್ಣದಾಗ ಇದು ಹೆಚ್ಚು. ಇನ್ನೊಂದು ಕಾರಣ ಬೆಳಕು: ಬಾಗಿಲಿಂದ ಬಿಸಿಲು ಬೆಳಕು ಒಂದ್ ಕಡಿ, ಒಳಗಿನ ಎಲ್‌ಇಡಿ ಬೆಳಕು ಇನ್ನೊಂದ್ ಕಡಿ, ಎರಡೂ ಕೂಡಿದ್ರ ಸೀರಿ ಅರ್ಧ ಒಂದ್ ಬಣ್ಣ, ಅರ್ಧ ಇನ್ನೊಂದ್ ಬಣ್ಣ.

ನಾವು ಕಂಡ್ಕೊಂಡ ದಾರಿ ಸರಳ ಐತಿ. ಅಂಗಡಿ ಬಾಗಿಲು ತೆಗೆದ ಕೂಡ್ಲೆ, ಗಿರಾಕಿ ಬರೋಕಿಂತ ಮೊದ್ಲು, 9ರಿಂದ 10ರ ಒಳಗ ಶೂಟಿಂಗ್. ನೇರ ಬಿಸಿಲು ಬ್ಯಾಡ, ನಮ್ಮ ಕಡಿ ಬಿಸಿಲಿಗೆ ಬಣ್ಣ ಬಿಳಚಿ ಕಾಣ್ತೈತಿ, ಬಾಗಿಲಿಂದ ಒಂದ್ ಹೆಜ್ಜಿ ಒಳಗ ನೆರಳಿನ್ಯಾಗ ನಿಲ್ರಿ, ಒಳಗಿನ ಲೈಟ್ ಎಲ್ಲಾ ಆರಿಸ್ರಿ. ಸೀರಿ ಪಕ್ಕ ಒಂದ್ ಬಿಳಿ ಪಂಚೆ ಮಡಚಿ ಫ್ರೇಮಿನ್ಯಾಗ ಬರೋ ಹಂಗ ಇಡ್ರಿ, ಆ ಪಂಚೆ ಫೋನಿನ್ಯಾಗ ಬಿಳೀ ಕಂಡ್ರ ಸೀರಿ ಬಣ್ಣಾನೂ ಹತ್ತಿರ ಬಂದಿರ್ತೈತಿ, ಹಳದಿನೋ ನೀಲಿನೋ ಕಂಡ್ರ ಜಾಗ ಬದಲ್ಸ್ರಿ. ಆಮ್ಯಾಗ ಸ್ಕ್ರೀನ್ ಮ್ಯಾಲ ಸೀರಿ ಇರೋ ಕಡಿ ಬೆರಳು ಒತ್ತಿ ಹಿಡಿದ್ರ ಬಾಳಷ್ಟು ಫೋನಿನ್ಯಾಗ ಫೋಕಸ್ಸು ಬೆಳಕು ಎರಡೂ ಲಾಕ್ ಆಗ್ತಾವ, ಆವಾಗ ಸೀರಿ ಅಲುಗಾಡಿಸಿದ್ರೂ ಬೆಳಕು ಏರಿಳಿಯಂಗಿಲ್ಲ. ಫಿಲ್ಟರ್, ಬ್ಯೂಟಿ ಮೋಡ್ ಪೂರಾ ಬಂದ್.

ವಿಡಿಯೋ ಹಾಕೋ ಮುಂದ ಸೀರಿ ಪಕ್ಕ ಫೋನ್ ಹಿಡಿದು ಎರಡೂ ಬಣ್ಣ ನೋಡ್ರಿ. ಇನ್ನೂ ಫರಕ್ ಐತಿ ಅಂದ್ರ ಬಾಯಿಲೆ ಹೇಳಿಬಿಡ್ರಿ, "ಫೋನಿನ್ಯಾಗ ಸ್ವಲ್ಪ ತಿಳಿ ಕಾಣಾಕತ್ತೈತಿ, ಖರೇ ಬಣ್ಣ ಇನ್ನೂ ಗಾಢ ಐತ್ರಿ" ಅಂತ. ನಮ್ಮ ಮನಿಯವ್ರು ಬಣ್ಣಾನ ವಸ್ತು ಹೆಸರಿಲೆ ಹೇಳ್ತಾರ, ಬದ್ನಿಕಾಯಿ ಬಣ್ಣ, ಗಿಳಿ ಹಸಿರು, ಅರಿಶಿಣ, ಇದರಿಂದ ಗಲಾಟಿ ಬಾಳ ಕಡಿಮಿ ಆತು.

ಹಾಡಿನ ವಿಷಯ ಎರಡ ಮಾತು. ಸಿನಿಮಾ ಹಾಡು ಅಂಗಡಿ ವಿಡಿಯೋಕ್ಕ ಹಾಕಬ್ಯಾಡ್ರಿ, ಹಾಡಿನ ಹಕ್ಕು ಇರೋರು ದೂರು ಕೊಟ್ಟು ಕಾಪಿರೈಟ್ ಸ್ಟ್ರೈಕ್ ಬಂದ್ರ ವಿಡಿಯೋ ಹೋಗ್ತೈತಿ, 90 ದಿನದಾಗ ಅಂಥವು ಮೂರ್ ಆದ್ರ ಚಾನೆಲ್ಲೇ ಹೋಗಬಹುದು. ಹಾಡು ಬೇಕೇ ಬೇಕು ಅಂದ್ರ ಯೂಟ್ಯೂಬ್ ಸ್ಟುಡಿಯೋದಾಗ Audio Library ಐತಿ, ಅಲ್ಲಿಂದ ತಗೊಳ್ರಿ. ನಮಗಂತೂ ನಮ್ಮ ಊರ ಮಾತು ಕೇಳಿಸೋದ ಹಾಡಿಗಿಂತ ಹೆಚ್ಚು ಕೆಲಸ ಮಾಡೈತಿ, ಆ ಮಾತಿನ ಧಾಟಿ ಕೇಳಿದ ಕೂಡ್ಲೆ ಇದು ನಮ್ಮ ಕಡಿ ಅಂಗಡಿ ಅಂತ ಬೆರಳು ನಿಲ್ತೈತಿ.

ಹತ್ತಿರದವ್ರಿಗೆ ಮುಟ್ಟಿಸೋದು

ಯೂಟ್ಯೂಬಿನ್ಯಾಗ ಪುಕ್ಕಟ ಹಾಕೋ ವಿಡಿಯೋಕ್ಕ "ಬರೇ ಗಂಗಾವತಿ ಸುತ್ತ ತೋರಿಸು" ಅನ್ನೋ ಬಟನ್ ಇಲ್ಲ. ಆ ಸೌಲಭ್ಯ ದುಡ್ಡು ಕೊಟ್ಟು ಗೂಗಲ್ ಆಡ್ಸ್ ಹಾಕಿದ್ರ ಐತಿ, ಇಷ್ಟು ಕಿಲೋಮೀಟರ್ ಸುತ್ತ ಅಂತ ಹಾಕಬಹುದು, ನಾವು ಇನ್ನೂ ಹಾಕಿಲ್ಲ. ಪುಕ್ಕಟ ದಾರ್ಯಾಗ ನಾವು ಮಾಡೋದು ಎರಡು.

ಮೊದಲ್ನೇದು ಟೈಟಲ್. "ಸೂಪರ್ ಸೀರಿ ಕಲೆಕ್ಷನ್" ಅಂತ ಯಾರೂ ಹುಡುಕಂಗಿಲ್ಲ. "ಗಂಗಾವತಿ ಇಲಕಲ್ ಸೀರಿ 1350 ರೂ" ಅಂತ ಹಾಕ್ರಿ, ಕೆಳಗ ವಿವರಣೆಯಾಗ ಊರು ಮತ್ತ ಮಾಲಿನ ಹೆಸರು ಇಂಗ್ಲಿಷ್ ಅಕ್ಷರದಾಗೂ ಒಂದ್ ಸಲ ಬರೀರಿ, ಯಾಕಂದ್ರ ನಮ್ಮ ಮಂದಿ ಅರ್ಧಕ್ಕರ್ಧ Gangavathi ilkal saree ಅಂತ ಟೈಪ್ ಮಾಡ್ತಾರ. ಯಾವ ಯಾವ ಊರಿಂದ ಗಿರಾಕಿ ಬರ್ತಾರೋ ಆ ಊರು ಒಂದ್ ವಾಕ್ಯದಾಗ ಬರಲಿ, ಕಾರಟಗಿ, ಕನಕಗಿರಿ, ಶ್ರೀರಾಮನಗರ, ಆನೆಗೊಂದಿ, ಕಂಪ್ಲಿ ಕಡಿಯವ್ರು ಬಸ್ ಸ್ಟ್ಯಾಂಡಿಂದ ನಡ್ಕೊಂಡ ಬರಬಹುದು ಅಂತ. ಇಲ್ಲಿ ಒಂದ್ ಸಂಗತಿ ಬಾಳ ಮಂದಿಗೆ ಗೊತ್ತಿಲ್ಲ: 2023ರ ಆಗಸ್ಟ್ ಕಡೀಗೆ ಶಾರ್ಟ್ಸಿನ ವಿವರಣೆ ಮತ್ತ ಕಾಮೆಂಟಿನ್ಯಾಗ ಹಾಕೋ ಲಿಂಕು ಒತ್ತಿದ್ರ ತೆರೆಯೋದನ್ನ ಯೂಟ್ಯೂಬ್ ನಿಲ್ಲಿಸೈತಿ. ಅಲ್ಲಿ ಮ್ಯಾಪ್ ಲಿಂಕ್ ಹಾಕಿ ಕುಂತ್ರ ಯಾರೂ ಬರಂಗಿಲ್ಲ. ಲಿಂಕು ಚಾನೆಲ್ಲಿನ ಮುಖಪುಟದಾಗ ಹಾಕ್ರಿ, ವಾಟ್ಸಾಪಿಗೆ ಬರೋ ಲಿಂಕು ಹಿಂಗ ಇರ್ತೈತಿ:

```
https://wa.me/91XXXXXXXXXX
```

ಎಕ್ಸ್ ಇರೋ ಜಾಗದಾಗ ನಿಮ್ಮ 10 ಅಂಕಿ ನಂಬರು, ಮುಂದ ಪ್ಲಸ್ ಚಿಹ್ನೆ ಬ್ಯಾಡ, ಸೊನ್ನಿ ಬ್ಯಾಡ, ನಡುವ ಜಾಗ ಬಿಡಬ್ಯಾಡ್ರಿ. ವಿಡಿಯೋದಾಗ ಮಾತ್ರ ನಂಬರು ಕಣ್ಣಿಗೆ ಕಾಣೋ ಹಂಗ ಇರಬೇಕು. ನಾವು ಸೀರಿ ಹಿಡಿಯೋ ಜಾಗದ ಹಿಂದಿನ ಗೋಡಿಗೆ ಅಂಗಡಿ ಹೆಸರು, ಊರು, ನಂಬರು ದೊಡ್ಡ ಅಕ್ಷರದಾಗ ಬರೆಸಿದ ಬೋರ್ಡ್ ಹಾಕೀವಿ. ಅದರಿಂದ ಇನ್ನೊಂದು ಉಪಯೋಗ ಆತು: ಯಾರೋ ನಮ್ಮ ವಿಡಿಯೋ ತಗೊಂಡು ತಮ್ಮ ನಂಬರ್ ಹಾಕಿ ಅಡ್ವಾನ್ಸ್ ಕೇಳ್ತಿದ್ರು, ಗೋಡಿ ಮ್ಯಾಲಿನ ನಂಬರೇ ಬ್ಯಾರೆ ಐತಲ್ಲ ಅಂತ ಒಬ್ಬ ಅಕ್ಕಾರು ಸಂಶಯ ಬಂದು ನಮಗ ಫೋನ್ ಮಾಡಿ ಉಳ್ಕೊಂಡ್ರು.

ಎರಡ್ನೇದು, ವಿಡಿಯೋ ಹಾಕಿದ ಮ್ಯಾಲ ಮೊದ್ಲು ಯಾರಿಗೆ ತೋರಿಸ್ತೀರಿ ಅನ್ನೋದು. ನಾವು ಗಲ್ಲಾದ ಮ್ಯಾಲ ಒಂದ್ ಕ್ಯೂಆರ್ ಅಂಟಿಸೀವಿ, ರೊಕ್ಕ ಕೊಡೋ ಕ್ಯೂಆರ್ ಅಲ್ಲ, ವಾಟ್ಸಾಪ್ ಚಾನೆಲ್ಲಿಂದು, ಎರಡೂ ದೂರ ದೂರ ಇಡ್ರಿ, ಇಲ್ಲಾಂದ್ರ ಜನ ಗೊಂದಲ ಆಗ್ತಾರ. ವಾಟ್ಸಾಪ್ ಚಾನೆಲ್ ಯಾಕಂದ್ರ ಅದನ್ನ ಫಾಲೋ ಮಾಡಿದವ್ರ ನಂಬರು ಬ್ಯಾರೆ ಫಾಲೋವರ್ಸಿಗೆ ಕಾಣಂಗಿಲ್ಲ. ಗ್ರೂಪಿಗೆ ಸೇರಿಸ್ತೀವಿ ಅಂದ್ರ ಹೆಣ್ಮಕ್ಕಳು ಒಲ್ಲೆ ಅಂತಿದ್ರು, ಗಂಡಸರಿಂದ ರಾತ್ರಿ ಮೆಸೇಜ್ ಬರ್ತಾವ ಅನ್ನೋ ಅಂಜಿಕಿ, ಅದು ಖರೇನೂ ಹೌದು. ಚಾನೆಲ್ ಅಂದ ಮ್ಯಾಲ ಅಲ್ಲೇ ನಿಂತು ಫಾಲೋ ಮಾಡಿ ಹೋಗ್ತಾರ. ಆದ್ರ ನೋಟಿಫಿಕೇಶನ್ ತಾನಾಗಿ ಬರಂಗಿಲ್ಲ, ಆಫ್ ಇರ್ತೈತಿ, ಫಾಲೋ ಮಾಡಿದ ಕೂಡ್ಲೆ ಮ್ಯಾಲಿನ ಗಂಟಿ ಗುರುತು ಒತ್ರಿ ಅಕ್ಕಾರ ಅಂತ ಹೇಳಿ ಒತ್ತಿಸ್ರಿ. ಯೂಟ್ಯೂಬಿನ್ಯಾಗ ಹಾಕಿದ ವಿಡಿಯೋ ಲಿಂಕು ಅವತ್ತ ಇಲ್ಲಿ ಹಾಕ್ತೀವಿ, ವಾರಕ್ಕ ಎರಡ ಸಲ, ಅದಕ್ಕಿಂತ ಹೆಚ್ಚು ಹಾಕಿದಾಗ ಬಿಟ್ಟು ಹೋದ್ರು. ಮೊದಲ ನೋಡೋರು ಸುತ್ತಿನ ಹಳ್ಳಿಯವ್ರು ಆಗ್ತಾರ, ಅವ್ರು ತಮ್ಮ ಅಕ್ಕ ತಂಗ್ಯಾರಿಗೆ ಕಳಿಸ್ತಾರ, ಅವ್ರೂ ಇಲ್ಲೇ ಸುತ್ತಿನವ್ರು.

ತೋರಿಸಿದ ಸೀರಿ ತೆಗೆದು ಇಡೋದು

ವಿಡಿಯೋ ಚೊಲೋ ಬಂದೂ ವ್ಯಾಪಾರ ಕೆಡೋದು ಅಂಗಡಿ ಒಳಗ. ಗಿರಾಕಿ ಬಂದು ಫೋನ್ ತೋರಿಸ್ತಾರ, ಕೌಂಟರಿನ್ಯಾಗ ಇದ್ದವ "ಯಾವ್ದು ರೀ, ನೋಡ್ಬೇಕು" ಅಂತ 20 ನಿಮಿಷ ಕಪಾಟು ತಡಕಾಡ್ತಾನ, ಕಡೀಗೆ ಇಲ್ಲ ಅಂತಾನ. ಅವ್ರು ಇನ್ನೊಮ್ಮೆ ಬರಂಗಿಲ್ಲ.

ಅದಕ್ಕ ವಿಡಿಯೋದಾಗ ತೋರಿಸೋ ಪ್ರತಿ ಸೀರಿಗೂ ಒಂದ್ ಚೀಟಿ, ಅದರ ಮ್ಯಾಲ ನಂಬರು, ಉದಾಹರಣೆಗೆ 14. ಅದ ನಂಬರು ವಿಡಿಯೋದಾಗ ಹೇಳೋದು, ಟೈಟಲ್ಲಿನ್ಯಾಗ ಹಾಕೋದು. ಗಲ್ಲಾದ ಹಿಂದ ಒಂದ ಹಲಗಿ ಬರೇ ಈ ಸೀರಿಗೆ. ನಾವು ಒಂದ ನಮೂನಿಯಾಗ ಕಡಿಮಿ ಅಂದ್ರ ಮೂರ್ ಸೀರಿ ಇದ್ರ ಮಾತ್ರ ವಿಡಿಯೋ ಮಾಡ್ತೀವಿ. ಒಂದ ಸೀರಿ ಇದ್ದದ್ದನ್ನ ತೋರಿಸಿದ್ರ ಬರೋವಷ್ಟರಾಗ ಹೋಗಿರ್ತೈತಿ, ಬಸ್ ಚಾರ್ಜ್ ಕೊಟ್ಟು ಬಂದವ್ರ ಮುಖ ನೋಡಾಕ ಆಗಂಗಿಲ್ಲ. ಎಲ್ಲಾ ಮಾರಿ ಹೋದ ದಿನ ಆ ವಿಡಿಯೋ ಕಾಮೆಂಟಿನ್ಯಾಗ "14 ಮುಗದೈತ್ರಿ, ಅಂಥದ್ದ ದಡಿ 17ರಾಗ ಐತಿ" ಅಂತ ಬರ್ದು ಪಿನ್ ಮಾಡ್ರಿ. ಫೋನ್ ಮಾಡಿ ಬರ್ತೀನಿ ಅಂದವ್ರಿಗೆ ಮರುದಿನ ಸಂಜಿತನ ತೆಗೆದು ಇಡ್ತೀವಿ, ಅಡ್ವಾನ್ಸ್ ಕೇಳಂಗಿಲ್ಲ, ಹೆಸರು ಮತ್ತ ಊರು ಚೀಟಿ ಮ್ಯಾಲ ಬರೀತೀವಿ. ಹತ್ರಾಗ ಒಬ್ರೋ ಇಬ್ರೋ ಬರಂಗಿಲ್ಲ, ಅಷ್ಟ.

ವಾಟ್ಸಾಪ್ ಬಿಸಿನೆಸ್ ಆಪಿನ್ಯಾಗ ಕ್ವಿಕ್ ರಿಪ್ಲೈ ಅಂತ ಐತಿ, ಅಂಗಡಿ ವಿಳಾಸ, ಮ್ಯಾಪ್ ಲಿಂಕು, ಟೈಮು ಎಲ್ಲಾ ಒಮ್ಮೆ ಬರ್ದು `/dari` ಅಂತ ಹೆಸರಿಟ್ರ, ಮುಂದ ಅಷ್ಟ ಟೈಪ್ ಮಾಡಿ, ಕಾಣೋ ಮೆಸೇಜ್ ಮ್ಯಾಲ ಒತ್ತಿದ್ರ ಪೂರ್ತಿ ಬರ್ತೈತಿ, ಗಿರಾಕಿ ಇರೋ ಹೊತ್ತಿನ್ಯಾಗೂ ಉತ್ತರ ಕೊಡಬಹುದು. ಮತ್ತೊಂದು, ಅಂಗಡಿಗೆ ಬಂದ ಹೆಣ್ಮಕ್ಕಳನ್ನ ಕೇಳ್ದ ವಿಡಿಯೋದಾಗ ಹಿಡೀಬ್ಯಾಡ್ರಿ, ಹಿಂದ ನಿಂತವ್ರೂ ಬರಬಾರ್ದು. ಒಬ್ರ ಮನ್ಯಾಗ ಇದರಿಂದ ಮಾತಾತು ಅಂತ ಕೇಳಿದ ಮ್ಯಾಲ ನಾವು ಶೂಟಿಂಗ್ ಟೈಮಿನ್ಯಾಗ ಬಾಗಿಲು ಅರ್ಧ ಹಾಕ್ತೀವಿ.

ಗಲ್ಲಾದ ಪಕ್ಕದ ಬುಕ್ಕು

ಯೂಟ್ಯೂಬ್ ಸ್ಟುಡಿಯೋದಾಗ ವ್ಯೂಸ್, ಎಷ್ಟ ಮಂದಿ ನಿಂತು ನೋಡಿದ್ರು, ಎಷ್ಟ ಮಂದಿ ಸರಿಸಿದ್ರು ಎಲ್ಲಾ ಸಿಗ್ತೈತಿ. ಸರಿಸಿದವ್ರು ಹೆಚ್ಚು ಇದ್ರ ಶುರುವಿನ ಮಾತು ಸರಿ ಇಲ್ಲ ಅಂತ ತಿಳ್ಕೊಳ್ರಿ. ಆದ್ರ ಮರಳಿಯವ್ರು ನೋಡಿದ್ರೋ ಮೈಸೂರಿನವ್ರು ನೋಡಿದ್ರೋ ಅನ್ನೋದು ನಮ್ಮಂಥ ಸಣ್ಣ ಚಾನೆಲ್ಲಿಗೆ ಅಲ್ಲಿ ತಿಳಿಯಂಗಿಲ್ಲ. ಅದಕ್ಕ ಒಂದ್ 40 ರೂಪಾಯಿ ನೋಟ್ ಬುಕ್ಕು ಗಲ್ಲಾದ ಪಕ್ಕ. ಬಿಲ್ ಮಾಡೋವಾಗ "ಯಾವೂರು ರೀ, ಅಂಗಡಿ ಹೆಂಗ ಗೊತ್ತಾತು" ಅಂತ ಕೇಳಿ ತಾರೀಖು, ಊರು, ವಿಡಿಯೋ ನಂಬರು, ಬಿಲ್ ಮೊತ್ತ ಬರ್ಕೊಳ್ಳೋದು.

ಪಂಚಮಿ ಮುಂದಿನ 15 ದಿನದ್ದು ಹೇಳ್ತೀನಿ. ಆವಾಗ 5 ವಿಡಿಯೋ ಹಾಕಿದ್ವಿ, ಬುಕ್ಕಿನ್ಯಾಗ 23 ಬಿಲ್ ವಿಡಿಯೋ ನೋಡಿ ಬಂದವ್ರದ್ದು. ಅದರಾಗ 11 ಬರೇ ಒಂದ ವಿಡಿಯೋದ್ದು, 14ನೇ ನಂಬರಿನ ಸೀರಿ, ಕೊಂಡಿ ತೋರಿಸಿದ್ದು. ಹೆಚ್ಚು ವ್ಯೂಸ್ ಬಂದ ರೇಷ್ಮಿ ಸೀರಿ ವಿಡಿಯೋದಿಂದ ಬಂದ ಬಿಲ್ 2. 23ರಾಗ 9 ಮಂದಿ ಕಾರಟಗಿ ಕಡಿಯವ್ರು. ಇದನ್ನ ನೋಡಿದ ಮ್ಯಾಲನ ನಾವು ದುಬಾರಿ ಸೀರಿ ವಿಡಿಯೋ ತಿಂಗಳಿಗೆ ಒಂದಕ್ಕ ಇಳಿಸಿದ್ವಿ. ಭತ್ತದ ರೊಕ್ಕ ಕೈಗೆ ಬರೋ ಹೊತ್ತಿಗೆ, ಲಗ್ನದ ಹಂಗಾಮಿನ್ಯಾಗ, ಅವು ಮತ್ತ ಜಾಸ್ತಿ ಮಾಡ್ತೀವಿ, ಮಳಿಗಾಲದಾಗ ನಾಟಿಗೆ ರೊಕ್ಕ ಹಾಕಿರ್ತಾರ, ಆವಾಗ 1,500ರ ಒಳಗಿನ ಸೀರೀನ ನಡಿಯೋದು.

ಬುಕ್ಕಿನ್ಯಾಗ ಇನ್ನೊಂದು ಕಾಲಮ್ ಆಮ್ಯಾಗ ಹಾಕಿದ್ವಿ, "ಬರಾಕ ಏನ್ ತ್ರಾಸ ಆತು" ಅಂತ. ಬಾಳ ಮಂದಿ ಹೇಳಿದ್ದು ಒಂದ: ಬಸ್ ಸ್ಟ್ಯಾಂಡಿನ್ಯಾಗ ಇಳಿದ ಮ್ಯಾಲ ಯಾವ ಕಡಿ ಹೋಗ್ಬೇಕು ತಿಳೀಲಿಲ್ಲ, ಮ್ಯಾಪ್ ನೋಡಾಕ ಬರಂಗಿಲ್ಲ, ಆಟೋದವ್ರು ಹೆಚ್ಚ ಕೇಳಿದ್ರು. ಮರುದಿನ ಮುಂಜಾನಿ ಮಗಳು ಫೋನ್ ಎದಿ ಮಟ್ಟಕ್ಕ ಹಿಡ್ಕೊಂಡು ಕಾರಟಗಿ ಬಸ್ ನಿಲ್ಲೋ ಜಾಗದಿಂದ ಅಂಗಡಿ ಬಾಗಿಲ ತನಕ ನಡ್ಕೊಂಡ ಬಂದ್ಳು, ಎಲ್ಲಿ ಎಡಕ್ಕ ಹೊಳ್ಳಬೇಕು, ಎಲ್ಲಿ ಚಹಾದ ಅಂಗಡಿ ಕಾಣ್ತೈತಿ ಅಂತ ಹೇಳ್ಕೋತ. ಪೂರಾ ನಡಿಗಿ ನಾಕ್ ನಿಮಿಷ, ಅದನ್ನ ಜೋರ್ ಓಡಿಸಿ 50 ಸೆಕೆಂಡ್ ಮಾಡಿ, ಅದರ ಮ್ಯಾಲ ಮತ್ತ ಮಾತು ಹೇಳಿ ಹಾಕಿದ್ವಿ. ಅದರಾಗ ಒಂದ ಸೀರೀನೂ ಇಲ್ಲ. ಈಗ ಯಾರಾದ್ರೂ "ಅಂಗಡಿ ಎಲ್ಲಿ ರೀ" ಅಂತ ವಾಟ್ಸಾಪಿನ್ಯಾಗ ಕೇಳಿದ್ರ `/dari` ಒಳಗ ಮ್ಯಾಪ್ ಲಿಂಕಿಗಿಂತ ಮೊದ್ಲು ಆ ವಿಡಿಯೋ ಲಿಂಕ ಇರ್ತೈತಿ.